ಚಾಕೊಲೇಟ್ ಮೇಲೆ ನಮ್ಮ ಕಾಫಿಯ ಹೆಸರು

ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಹುರಿದು, ಪುಡಿ ಮಾಡಿ ಮಾರುವ ಸಣ್ಣ ಕಂಪನಿ. ಕೆಲವು ವರ್ಷಗಳ ಹಿಂದೆ ಒಂದು ಚಾಕೊಲೇಟ್ ಕಂಪನಿ ಜೊತೆ ಸೇರಿ ಕಾಫಿ ಚಾಕೊಲೇಟ್ ಬಾರ್ ಮಾಡಿದೆವು. ರ್‍ಯಾಪರ್ ಮೇಲೆ ಇಬ್ಬರ ಹೆಸರೂ ಇರಬೇಕು ಎಂದು ಮೊದಲ ದಿನವೇ ಒಪ್ಪಿದ್ದೆವು. ಯಾರದು ಮೇಲೆ ಎನ್ನುವುದಕ್ಕೆ ಮಾತ್ರ ಎರಡು ತಿಂಗಳು ಹಿಡಿಯಿತು.

ಆ ಕಂಪನಿಯ ಯಜಮಾನರು ನನಗಿಂತ ತುಂಬಾ ಹಿರಿಯರು. "ನೋಡಮ್ಮ, ಬಾರ್ ಮಾಡೋದು ನಾವು, ಮೇಲೆ ನಮ್ಮ ಹೆಸರೇ ಇರಬೇಕು" ಅಂದರು. "ಸರ್, ಜನ ಕೊಳ್ಳೋದು ಕಾಫಿ ರುಚಿಗೆ ಅಲ್ವಾ?" ಅಂದೆ. ಯಾರ ವ್ಯಾಪಾರ ದೊಡ್ಡದು, ಯಾರು ಹಳಬರು ಎನ್ನುವ ಕಡೆಗೆ ಮಾತು ಹೋಯಿತು. ಅದರಿಂದ ಏನೂ ತೀರ್ಮಾನ ಆಗಲಿಲ್ಲ.

ಕೊನೆಗೆ ನಾನೇ ಎರಡು ಪ್ರಶ್ನೆ ಹಾಕಿಕೊಂಡೆ. ಈ ಬಾರ್ ಅಂಗಡಿಯಲ್ಲಿ ಯಾವ ಸಾಲಿನಲ್ಲಿ ಇರುತ್ತದೆ? ಕೆಟ್ಟರೆ ಉತ್ತರ ಕೊಡಬೇಕಾದವರು ಯಾರು? ಇರುವುದು ಚಾಕೊಲೇಟ್ ಸಾಲಿನಲ್ಲಿ. ಹಿಂದೆ ತಯಾರಕರು ಎಂದು ಅಚ್ಚಾಗುವುದು ಅವರ ವಿಳಾಸ, ಅವರ ಎಫ್‌ಎಸ್‌ಎಸ್‌ಎಐ ನಂಬರ್. ಹಾಗಿದ್ದಮೇಲೆ ಮೇಲಿನ ಜಾಗ ಅವರದೇ. ಒಪ್ಪಿಕೊಂಡೆ. ನಮ್ಮ ಹೆಸರು ಕೆಳಗೆ, "ಇದರಲ್ಲಿರುವ ಕಾಫಿ ಇವರದು" ಎಂಬ ಸಾಲಿನ ಜೊತೆ. ಹಬ್ಬಕ್ಕೆ ನಾವು ಮಾರುವ ಕಾಫಿ ಪುಡಿಯ ಗಿಫ್ಟ್ ಡಬ್ಬದಲ್ಲಿ ಅದೇ ಬಾರ್ ಇಟ್ಟಾಗ ಡಬ್ಬದ ಮೇಲೆ ನಾವು ಮೊದಲು, ಅವರು ಆಮೇಲೆ.

ಆಗ ನನಗೆ ನೆನಪಾದದ್ದು ಸ್ಟಾರ್‌ಬಕ್ಸ್. ಅವರು 2012ರಲ್ಲಿ ಮುಂಬೈಯಲ್ಲಿ ಮೊದಲ ಅಂಗಡಿ ತೆರೆದಾಗ ಟಾಟಾದವರದೂ ಸಮಪಾಲು ಇತ್ತು. ಆದರೂ ಬೋರ್ಡಿನಲ್ಲಿ ದೊಡ್ಡದಾಗಿ ಸ್ಟಾರ್‌ಬಕ್ಸ್, ಟಾಟಾ ಹೆಸರು ಅದರ ಕೆಳಗೆ ಸಣ್ಣದಾಗಿ. ದುಡ್ಡಿನ ಪಾಲು ಬೇರೆ, ಬೋರ್ಡಿನ ಜಾಗ ಬೇರೆ.

ಲೋಗೊ ಅಳತೆಯಲ್ಲೂ ಒಂದು ತೊಡಕಿತ್ತು. ಎರಡೂ ಲೋಗೊ ಒಂದೇ ಎತ್ತರ ಇರಲಿ ಎಂದು ಬರೆದುಕೊಂಡಿದ್ದೆವು. ಅವರದು ಉದ್ದನೆಯ ಹೆಸರು, ನಮ್ಮದು ದುಂಡಗಿನ ಮುದ್ರೆ. ಸ್ಯಾಂಪಲ್ ಬಂದಾಗ ನಮ್ಮದು ಗುಂಡಿಯಷ್ಟು ಕಾಣುತ್ತಿತ್ತು! ಆಮೇಲೆ ಎತ್ತರ ಬಿಟ್ಟು, ಲೋಗೊ ತುಂಬುವ ಜಾಗವನ್ನು ಅಳೆದೆವು. ನಮ್ಮದು ಅವರದರ ಅರ್ಧಕ್ಕಿಂತ ಕಡಿಮೆ ಇರಬಾರದು, ಎರಡನ್ನೂ ಸೇರಿಸಿ ಒಂದೇ ಗುರುತು ಮಾಡಬಾರದು ಎಂದು ಬರೆಸಿದೆ. ಬೆಸೆದ ಗುರುತು ನಾಳೆ ಯಾರದು ಎನ್ನುವುದೇ ಜಗಳವಾಗುತ್ತದೆ. ನಮ್ಮ ಹೆಸರನ್ನು ಅವರು ಈ ಒಂದು ಬಾರ್‌ಗೆ ಮಾತ್ರ ಬಳಸಬಹುದು, ಬೇರೆಯವರಿಗೆ ಕೊಡುವಂತಿಲ್ಲ ಎಂದೂ ಕರಾರಿನಲ್ಲಿ ಸೇರಿಸಿದೆವು.

ನಿಜವಾದ ಪರೀಕ್ಷೆ ಬಂದದ್ದು ಏಪ್ರಿಲ್‌ನಲ್ಲಿ. ಬಾರ್ ಮೇಲೆ ಬಿಳಿ ಬೂಷ್ಟು ಎಂದು ನಮಗೆ ಫೋನ್ ಬರತೊಡಗಿತು. ತಯಾರಕರ ನಂಬರ್ ಹಿಂದೆ ಇದ್ದರೂ ಕರೆ ಬಂದದ್ದು ನಮಗೆ. ಅವು ನಮ್ಮೂರಿನಲ್ಲೇ ಮಾರಾಟವಾದ ಬಾರ್, ಜನಕ್ಕೆ ಗೊತ್ತಿರುವುದು ನಮ್ಮ ಹೆಸರು. ನಾನೇ ಹೋಗಿ ನೋಡಿದೆ. ಬೂಷ್ಟು ಅಲ್ಲ. ಬಿಸಿಲಿಗೆ ಕೋಕೋ ಬೆಣ್ಣೆ ಕರಗಿ, ಮೇಲೆ ಬಂದು ಮತ್ತೆ ಗಟ್ಟಿಯಾಗಿತ್ತು. ಬೆರಳಲ್ಲಿ ಉಜ್ಜಿದರೆ ಆ ಬಿಳುಪು ಕರಗಿ ಹೋಗುತ್ತದೆ. ಬೂಷ್ಟಾದರೆ ನೂಲುನೂಲಾಗಿ ಎದ್ದಿರುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ರುಚಿ ಸಪ್ಪೆ. ಡಿಸ್ಟ್ರಿಬ್ಯೂಟರ್ ಪೆಟ್ಟಿಗೆಗಳನ್ನು ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದ.

ಕರಾರಿನ ಒಂದು ಸಾಲು ಅವತ್ತು ನಮ್ಮನ್ನು ಉಳಿಸಿತು. ಗುಣಮಟ್ಟದ ಅನುಮಾನ ಬಂದರೆ ಇಬ್ಬರಲ್ಲಿ ಯಾರು ಬೇಕಾದರೂ, ಇನ್ನೊಬ್ಬರ ಒಪ್ಪಿಗೆ ಇಲ್ಲದೆ, ಆ ಬ್ಯಾಚ್ ನಿಲ್ಲಿಸಬಹುದು. ಮಧ್ಯಾಹ್ನವೇ ಮೇಲ್ ಹಾಕಿ ನಿಲ್ಲಿಸಿದೆ. ಯಜಮಾನರಿಗೆ ಬೇಜಾರಾಯಿತು, ಆದರೆ ತಡೆಯುವ ಹಾಗಿರಲಿಲ್ಲ. ವಾಪಸ್ ತಂದ ಖರ್ಚು ಸಾಗಿಸಿದವರ ಕಡೆಗೆ, ಅಂದರೆ ಚಾಕೊಲೇಟ್ ಕಂಪನಿಯ ಲೆಕ್ಕಕ್ಕೆ ಹೋಯಿತು. ಕಾಫಿ ಕಮಟಾಗಿದ್ದರೆ ನಮ್ಮ ಲೆಕ್ಕಕ್ಕೆ ಬರುತ್ತಿತ್ತು. ಅದಕ್ಕೇ ನಾವು ಕಳಿಸುವ ಪ್ರತಿ ಬ್ಯಾಚ್‌ನ ಒಂದು ಪೊಟ್ಟಣ, ಅವರು ಮಾಡುವ ಪ್ರತಿ ಬ್ಯಾಚ್‌ನ ಎರಡು ಬಾರ್ ಎರಡೂ ಕಡೆ ತಾರೀಖು ಬರೆದು ಎತ್ತಿಡುತ್ತಿದ್ದೆವು. ಅನುಮಾನ ಬಂದಾಗ ಅದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಕಾರ್ಖಾನೆಯದೋ ದಾರಿಯದೋ ಗೊತ್ತಾಗುತ್ತದೆ. ಈ ಸಲ ಎತ್ತಿಟ್ಟ ಬಾರ್ ಹೊಳೆಯುತ್ತಿತ್ತು.

ನಾನು ಮರೆತದ್ದು ಒಂದೇ, ಅದು ದೊಡ್ಡ ಮರೆವು. ಒಪ್ಪಂದ ಮುಗಿದಮೇಲೆ ಉಳಿದ ರ್‍ಯಾಪರ್ ಏನಾಗಬೇಕು ಎಂದು ಬರೆದಿರಲಿಲ್ಲ. ರ್‍ಯಾಪರ್ ಅಚ್ಚು ಹಾಕಿಸುವಾಗ ಸ್ವಲ್ಪವೇ ಹಾಕಿಸಲು ಆಗುವುದಿಲ್ಲ, ಯಾವಾಗಲೂ ಮಿಗುತ್ತದೆ. ಎರಡು ವರ್ಷದ ನಂತರ ಬೇರೆಯಾದಾಗ ನಮ್ಮ ಹೆಸರಿದ್ದ ಮೂರು ರೋಲ್ ಅವರ ಗೋದಾಮಿನಲ್ಲಿತ್ತು. ಅದರೊಳಗೆ ಬೇರೆ ಯಾರ ಕಾಫಿ ಹಾಕಿದರೂ ಹೆಸರು ನಮ್ಮದೇ. ಮಾತಾಡಿ, ಮಾಡಿಟ್ಟ ಬಾರ್ ಮಾರಲು 90 ದಿನ ಕೊಟ್ಟೆವು. ರೋಲ್‌ಗಳ ಅರ್ಧ ಬೆಲೆ ನಾನು ಕೊಟ್ಟು, ನನ್ನ ಕಣ್ಣೆದುರೇ ಕತ್ತರಿಸಿ ಹಾಕಿಸಿದೆ.