‘ಮಾಲು ಎಲ್ಲಿದೆ ಅಂತ ಮೊಬೈಲಲ್ಲಿ ಕಾಣಬೇಕ್ರೀ’: ಕೋಡ್ ಬರೆಯುವ ಮೊದಲು ಏನು ಕೇಳಬೇಕು?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಒಂದು ಘಟಕ ಇದೆ ಎಂದುಕೊಳ್ಳಿ. ಕಟಿಂಗ್ ಅಲ್ಲೇ ಆಗುತ್ತದೆ. ಹೊಲಿಗೆ ಹೊರಗಿನ ಟೇಲರ್‌ಗಳ ಕಡೆ. ಆಮೇಲೆ ವಾಷಿಂಗ್‌ಗೆ ಹೋಗುತ್ತದೆ, ವಾಪಸ್ ಬಂದಮೇಲೆ ಗುಂಡಿ, ಇಸ್ತ್ರಿ, ಪ್ಯಾಕಿಂಗ್. ಓನರ್ ಫೋನ್ ಮಾಡಿ ಹೇಳುತ್ತಾರೆ: ‘ಒಂದು ಸಿಂಪಲ್ ಆ್ಯಪ್ ಮಾಡಿಕೊಡ್ರಿ ಸರ್. ನಮ್ಮ ಮಾಲು ಎಲ್ಲೆಲ್ಲಿ ಐತಿ ಅಂತ ಮೊಬೈಲಲ್ಲಿ ಕಾಣಬೇಕು. ಎಷ್ಟಾಗ್ತದೆ?’

ಇಷ್ಟನ್ನೇ ಡೆವಲಪರ್‌ಗೆ ಕಳಿಸಿದರೆ ಅವರು ಏನೋ ಒಂದು ಊಹಿಸಿಕೊಂಡು ಕೆಲಸ ಶುರು ಮಾಡುತ್ತಾರೆ. ಒಬ್ಬರ ತಲೆಗೆ ಮ್ಯಾಪ್ ಬರುತ್ತದೆ, ಇನ್ನೊಬ್ಬರ ತಲೆಗೆ ಬಾರ್‌ಕೋಡ್. ಓನರ್ ಕೇಳಿದ್ದು ಎರಡೂ ಅಲ್ಲದಿರಬಹುದು. ನಡುವೆ ನಿಂತವರು ಮಾಡಬೇಕಾದ ಕೆಲಸ ಇಲ್ಲಿದೆ.

ಮೊದಲು: ರೇಟು ಹೇಳಬೇಡಿ, ಹೋದ ಸಲದ ಕತೆ ಕೇಳಿ

‘ಏನೇನು ಫೀಚರ್ ಬೇಕು?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಎಲ್ಲಾ ಇರಲಿ’. ಅದರಿಂದ ಕೆಲಸ ನಡೆಯುವುದಿಲ್ಲ. ಬದಲಿಗೆ ಹೀಗೆ ಕೇಳಿ: ‘ಮಾಲು ಎಲ್ಲಿದೆ ಅಂತ ಗೊತ್ತಾಗದೆ ತೊಂದರೆ ಆಗಿದ್ದು ಕೊನೆಗೆ ಯಾವಾಗ? ಆವತ್ತು ಯಾರ್‍ಯಾರಿಗೆ ಫೋನ್ ಮಾಡಿದಿರಿ?’

ಆಗ ನಿಜವಾದ ವಿಷಯ ಹೊರಬರುತ್ತದೆ. ಪಾರ್ಟಿಗೆ 600 ಪ್ಯಾಂಟ್ ಕಳಿಸಬೇಕಿತ್ತು. ಕೈಗೆ ಸಿಕ್ಕಿದ್ದು 580. ಟೇಲರ್‌ಗಳು ಪೂರ್ತಿ ಕೊಟ್ಟಿದ್ದೇವೆ ಅಂದರು. ವಾಷಿಂಗ್‌ನವರು ಬಂದಷ್ಟನ್ನೇ ಕಳಿಸಿದ್ದೇವೆ ಅಂದರು. ಎರಡು ದಿನ ಜಗಳ.

ಅಂದರೆ ಇಲ್ಲಿ ಬೇಕಾದದ್ದು ಮಾಲಿನ ಜಾಗ ತೋರಿಸುವ ಮ್ಯಾಪ್ ಅಲ್ಲ. ಮಾಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಎಷ್ಟು ಪೀಸ್ ಹೋಯಿತು, ಎಷ್ಟು ಬಂತು ಎಂಬ ಲೆಕ್ಕ. ಹದಿನೈದು ನಿಮಿಷದ ಮಾತಿನಲ್ಲಿ ಇಡೀ ಕೆಲಸದ ದಿಕ್ಕೇ ಬದಲಾಯಿತು, ಅಲ್ವಾ?

ಆಮೇಲೆ: ಪುಸ್ತಕ ನೋಡಿ

ಬಾಯಲ್ಲಿ ಹೇಳುವ ಪದ್ಧತಿ ಬೇರೆ, ಪುಸ್ತಕದಲ್ಲಿರುವುದು ಬೇರೆ. ಕಟಿಂಗ್ ಮಾಸ್ಟರ್ ಬರೆಯುವ ನೋಟ್‌ಬುಕ್, ಬಂಡಲ್‌ಗೆ ಕಟ್ಟುವ ಚೀಟಿ, ವಾಷಿಂಗ್‌ಗೆ ಹೋಗುವ ಚಲನ್, ಮೂರರ ಫೋಟೋ ತೆಗೆದುಕೊಳ್ಳಿ. ಜಿಎಸ್‌ಟಿ ನೋಂದಣಿ ಇರುವವರು ಜಾಬ್ ವರ್ಕ್‌ಗೆ ಮಾಲು ಕಳಿಸುವಾಗ ಡೆಲಿವರಿ ಚಲನ್ ಮಾಡಬೇಕು. ಹಾಗಾಗಿ ಆ ಕಾಗದ ಇದ್ದರೆ ಅದರಲ್ಲಿರುವ ಸಂಖ್ಯೆಯೂ ನೋಟ್‌ಬುಕ್ಕಿನ ಸಂಖ್ಯೆಯೂ ಒಂದೇ ಇದೆಯಾ ಎಂದು ಪಕ್ಕಪಕ್ಕ ಇಟ್ಟು ನೋಡಿ.

ಜಾಸ್ತಿ ಗಮನ ಕೊಡಬೇಕಾದದ್ದು ಪುಟದ ಅಂಚಿಗೆ. ‘2 ಡ್ಯಾಮೇಜ್’, ‘ಅಡ್ವಾನ್ಸ್ 500’, ‘ಅರ್ಧ ತಮ್ಮನಿಗೆ’ ಎಂದೆಲ್ಲ ಗೀಚಿರುತ್ತಾರೆ. ಗೆರೆ ಎಳೆದ ಕಾಲಂಗಳಲ್ಲಿ ಹಿಡಿಸದ ಎಲ್ಲವೂ ಅಲ್ಲಿರುತ್ತದೆ. ಮುಂದೆ ಆ್ಯಪ್ ಕೈಕೊಡುವುದೂ ಬಹುತೇಕ ಇಂಥ ಕಡೆಯೇ.

ಈಗ ಪ್ರಶ್ನೆ ಬರೆಯಿರಿ

ನನ್ನ ಅಳತೆ ಒಂದೇ. ಪ್ರಶ್ನೆಗೆ ಎರಡು ಬೇರೆ ಉತ್ತರ ಬಂದರೆ ಡೆವಲಪರ್ ಮಾಡುವ ಕೆಲಸವೂ ಬದಲಾಗಬೇಕು. ಬದಲಾಗದಿದ್ದರೆ ಆ ಪ್ರಶ್ನೆ ಈಗ ಬೇಡ. ಬಣ್ಣ ಯಾವುದು, ಲೋಗೋ ಎಲ್ಲಿ ಎಂಬುದನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ಪುಟದ ಅಂಚಿನ ಗೀಚುಗಳಿಂದಲೇ ಶುರು ಮಾಡೋಣ. ‘ಅರ್ಧ ತಮ್ಮನಿಗೆ’ ಎಂದಿದೆ. ಪ್ರಶ್ನೆ: ‘ಒಂದು ಬಂಡಲ್‌ನ 25 ಪೀಸನ್ನು ಇಬ್ಬರು ಹಂಚಿಕೊಂಡು ಹೊಲಿಯುವುದುಂಟಾ?’ ಇಲ್ಲ ಎಂದರೆ ಒಂದು ಬಂಡಲ್‌ಗೆ ಒಂದೇ ಹೆಸರು ಸಾಕು. ಉಂಟು ಎಂದರೆ ಪ್ರತಿ ಬಂಡಲ್‌ನೊಳಗೂ ಯಾರಿಗೆ ಎಷ್ಟು ಎಂದು ಬೇರೆ ಬರೆಯಬೇಕು. ಡೇಟಾಬೇಸ್‌ನಲ್ಲಿ ಇನ್ನೊಂದು ಟೇಬಲ್ ಬರುತ್ತದೆ. ಅರ್ಧ ಕೆಲಸ ಮುಗಿದ ಮೇಲೆ ಇದು ಗೊತ್ತಾದರೆ ಕಟ್ಟಿದ್ದನ್ನು ಬಿಚ್ಚಬೇಕಾಗುತ್ತದೆ.

‘2 ಡ್ಯಾಮೇಜ್’ ಎಂಬುದಕ್ಕೆ ಉತ್ತರಗಳನ್ನೂ ನೀವೇ ಕೊಟ್ಟು ಕೇಳಿ. ‘25 ಕೊಟ್ಟು 23 ಬಂದರೆ ಉಳಿದ 2 ಎಲ್ಲಿ ಕಾಣಬೇಕು? ಟೇಲರ್ ಹತ್ತಿರ ಬಾಕಿ ಅಂತಲೋ, ಡ್ಯಾಮೇಜ್ ಅಂತಲೋ? ಡ್ಯಾಮೇಜ್ ಎಂದು ಹೇಳುವ ಅಧಿಕಾರ ಯಾರದ್ದು?’ ಆಯ್ಕೆ ಮುಂದಿದ್ದರೆ ಕಂಪ್ಯೂಟರ್ ಗೊತ್ತಿಲ್ಲದವರೂ ತಟ್ಟನೆ ಉತ್ತರಿಸುತ್ತಾರೆ. ಅವರ ಧಂದೆ ಅವರಿಗೆ ಚೆನ್ನಾಗಿ ಗೊತ್ತು. ‘ಎಕ್ಸೆಪ್ಷನ್ ಹ್ಯಾಂಡ್ಲಿಂಗ್ ಹೇಗೆ?’ ಎಂದರೆ ಮಾತ್ರ ಸುಮ್ನೆ ಮುಖ ನೋಡುತ್ತಾರೆ.

‘ಸಿಂಪಲ್’ ಎಂಬ ಮಾತನ್ನೂ ಬಿಡಿಸಬೇಕು. ಎಂಟ್ರಿ ಮಾಡುವವರು ಯಾರು? ಓನರ್ ಅಲ್ಲ, ಮಾಸ್ಟರ್ ಎಂದಾದರೆ ಮಾಸ್ಟರ್ ಜೊತೆಗೇ ಮಾತಾಡಿ. ಅವರು ಕನ್ನಡ ಓದುತ್ತಾರಾ, ತೆಲುಗು, ಉರ್ದುವಾ? ಫೋನ್ ಯಾರದ್ದು? ಗೋಡೌನ್ ಒಳಗೆ ಸಿಗ್ನಲ್ ಸಿಗುತ್ತಾ? ಈ ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಖರ್ಚು ಏರಿಸುವುದು ಇದೇ. ನೆಟ್ ಇಲ್ಲದಾಗ ಇಬ್ಬರು ಒಂದೇ ಬಂಡಲ್‌ಗೆ ಬೇರೆ ಬೇರೆ ಸಂಖ್ಯೆ ಬರೆದರೆ ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರಬೇಕು.

ಕೂಲಿ ಲೆಕ್ಕವೂ ಬೇಕು ಎಂದರೆ ಇನ್ನೊಂದು: ಪೀಸ್ ರೇಟು ನಡುವೆ ಏರಿದರೆ, ಈಗಾಗಲೇ ಕೊಟ್ಟ ಬಂಡಲ್‌ಗೆ ಹಳೆ ರೇಟಾ, ಹೊಸ ರೇಟಾ?

ಒಂದೇ ಹಾಳೆಯಲ್ಲಿ ಕಳಿಸಿ

ಹತ್ತು ಹನ್ನೆರಡು ಪ್ರಶ್ನೆ ಸಾಕು. ಪ್ರತಿಯೊಂದರ ಮುಂದೆ ಉತ್ತರಕ್ಕೆ ಜಾಗ ಬಿಡಿ. ಅದರ ಪಕ್ಕ ‘ಉತ್ತರ ಬರದಿದ್ದರೆ ಹೀಗೆ ಮಾಡುತ್ತೇವೆ’ ಎಂದು ಬರೆಯಿರಿ. ಉದಾಹರಣೆಗೆ, ‘ರೇಟು ಬದಲಾದರೆ ಬಂಡಲ್ ಕೊಟ್ಟ ದಿನದ ರೇಟೇ ಇರುತ್ತದೆ’. ಖಾಲಿ ಜಾಗ ಕಂಡರೆ ಜನ ಸುಮ್ಮನಿರುತ್ತಾರೆ. ತಪ್ಪು ಬರೆದದ್ದು ಕಂಡರೆ ಕೂಡಲೇ ಫೋನ್ ಮಾಡುತ್ತಾರೆ!

ಕೆಳಗೆ ಈ ಸಲ ಇರುವುದಿಲ್ಲ ಎಂಬ ಪಟ್ಟಿಯೂ ಇರಲಿ: ಬಿಲ್ಲಿಂಗ್ ಇಲ್ಲ, ಟ್ಯಾಲಿ ಜೋಡಣೆ ಇಲ್ಲ, ಪಾರ್ಟಿಗಳಿಗೆ ಲಾಗಿನ್ ಇಲ್ಲ. ಹಾಳೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಜೊತೆಗೆ ವಾಯ್ಸ್ ಮೆಸೇಜ್‌ನಲ್ಲಿ ಓದಿ ಹೇಳಿ. ಉತ್ತರ ಬಾಯಲ್ಲಿ ಬಂದರೆ ನೀವೇ ಬರೆದು ವಾಪಸ್ ಕಳಿಸಿ, ‘ಸರಿ’ ಎಂದು ಬರೆಸಿಕೊಳ್ಳಿ.

ಕೊನೆಗೆ ಒಂದು ಲಾಟ್ ಓಡಿಸಿ

ಡೆವಲಪರ್‌ಗೆ ಕೊಡುವ ಮೊದಲು ಓನರ್ ಮತ್ತು ಮಾಸ್ಟರ್ ಇಬ್ಬರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಒಂದು ಲೆಕ್ಕ ಮಾಡಿ. ಕಟಿಂಗ್ ಆದದ್ದು 600, ಅಂದರೆ 25ರ 24 ಬಂಡಲ್. ಹೊಲಿಗೆಯಿಂದ ಬಂದದ್ದು 595. ಬಾರದ 5ರಲ್ಲಿ 3 ಟೇಲರ್ ಹತ್ತಿರ ಬಾಕಿ, 2 ಡ್ಯಾಮೇಜ್. ವಾಷಿಂಗ್‌ಗೆ ಹೋದದ್ದು 595, ಬಂದದ್ದು 580. ಹಾಗಾದರೆ ಸ್ಕ್ರೀನ್ ಹೀಗೆ ಹೇಳಬೇಕು: ಕೈಯಲ್ಲಿ 580, ವಾಷಿಂಗ್ ಹತ್ತಿರ 15, ಟೇಲರ್ ಹತ್ತಿರ 3, ಡ್ಯಾಮೇಜ್ 2. ಕೂಡಿದರೆ 600.

ಈ ಲೆಕ್ಕವನ್ನು ಹಾಗೇ ಡೆವಲಪರ್‌ಗೆ ಕೊಡಿ. ಆ್ಯಪ್ ಮುಗಿದ ದಿನ ಇದೇ ಸಂಖ್ಯೆಗಳನ್ನು ಹಾಕಿ ನೋಡಬಹುದು. ಆದರೆ ಅದಕ್ಕೂ ಮೊದಲು ಇದು ಇನ್ನೊಂದು ಕೆಲಸ ಮಾಡುತ್ತದೆ. ಸಂಖ್ಯೆ ಕಣ್ಣೆದುರು ಬಂದಾಗ ಮಾಸ್ಟರ್‌ನಂಥವರು ನಡುವೆ ಬಾಯಿ ಹಾಕುತ್ತಾರೆ: ‘ಅಣ್ಣಾ, ಪಾರ್ಟಿಗೆ ಸ್ಯಾಂಪಲ್ ಅಂತ ಎರಡು ಪೀಸ್ ತೆಗಿತೀವಲ್ಲ, ಅದು ಯಾವುದರಲ್ಲಿ?’ ಅದನ್ನೂ ಹಾಳೆಗೆ ಸೇರಿಸಿ. ಸ್ಯಾಂಪಲ್ ತೆಗೆಯುವುದು ವಾಷಿಂಗ್‌ಗೆ ಮೊದಲೋ ಆಮೇಲೋ, ಅದು ವಾಪಸ್ ಬರುತ್ತದಾ, ಬಂದರೆ ಮತ್ತೆ ಸ್ಟಾಕ್‌ಗೆ ಸೇರಿಸುತ್ತಾರಾ ಎಂದು ಕೇಳಿ ಬರೆದುಕೊಂಡ ಮೇಲೆ ರೇಟಿನ ಮಾತು ಎತ್ತಬಹುದು.