ಪಿಜಿ ಬಿಡುವಾಗ ಅಡ್ವಾನ್ಸ್ ವಾಪಸ್ ಪಡೆಯುವುದು ಹೇಗೆ?

ಸಿಂಧನೂರಿನ ನಮ್ಮ ಚಿಕ್ಕಮ್ಮನ ಮಗಳು ಬಳ್ಳಾರಿಯ ಗಾಂಧಿನಗರದ ಒಂದು ಲೇಡೀಸ್ ಪಿಜಿಯಲ್ಲಿ ಒಂದೂವರೆ ವರ್ಷ ಇದ್ದಳು. ಲ್ಯಾಬ್ ಟೆಕ್ನಿಷಿಯನ್ ಕೆಲಸ. ತ್ರೀ ಶೇರಿಂಗ್ ರೂಮು, ಊಟ ಸೇರಿ ತಿಂಗಳಿಗೆ 6,000 ರೂಪಾಯಿ, ಅಡ್ವಾನ್ಸ್ 10,000. 2025ರ ಸೆಪ್ಟೆಂಬರ್ ಕೊನೆಗೆ ಅವಳಿಗೆ ರಾಯಚೂರಿನಲ್ಲಿ ಕೆಲಸ ಸಿಕ್ಕಿತು. ನವೆಂಬರ್ 3ಕ್ಕೆ ಸೇರಬೇಕಿತ್ತು. ಫೋನ್ ಮಾಡಿ ಮೊದಲು ಕೇಳಿದ್ದೇ, "ಅಕ್ಕಾ, ಅಡ್ವಾನ್ಸ್ ವಾಪಸ್ ಕೊಡ್ತಾರೇನು?" ಅಂತ.

ಆ ಭಯ ನನಗೆ ಗೊತ್ತು. ಓದುವಾಗ ನಾನೂ ಬಳ್ಳಾರಿಯ ಒಂದು ಪಿಜಿಯಲ್ಲಿದ್ದೆ. ಬಿಡುತ್ತೇನೆ ಅಂತ ವಾರ್ಡನ್‌ಗೆ ಬಾಯಿಮಾತಲ್ಲಿ ಹೇಳಿದ್ದೆ. ತಿಂಗಳ ಕೊನೆಗೆ ಓನರ್ "ನನಗೆ ಯಾರೂ ಹೇಳೇ ಇಲ್ವಲ್ಲಮ್ಮ" ಅಂದರು. ಅಷ್ಟರಲ್ಲಿ ವಾರ್ಡನ್ ಕೆಲಸ ಬಿಟ್ಟು ಹೋಗಿದ್ದರು. 5,000 ರೂಪಾಯಿ ಹೋಯಿತು. ಅದಕ್ಕೇ ತಂಗಿಯ ವಿಷಯದಲ್ಲಿ ಒಂದೊಂದು ಹೆಜ್ಜೆಯನ್ನೂ ಇಬ್ಬರೂ ಕೂತು ಯೋಚಿಸಿ ಇಟ್ಟೆವು.

ಮೊದಲು ನಿಯಮದ ಚೀಟಿ ಹುಡುಕಿ

ಸೇರುವಾಗ ಕೊಟ್ಟ ರಸೀದಿಯ ಹಿಂದೆ, ಇಲ್ಲವೇ ಸಹಿ ಹಾಕಿಸಿಕೊಂಡ ಫಾರಂನಲ್ಲಿ ಎರಡು ವಿಷಯ ಇರುತ್ತವೆ. ಬಿಡುವ ಮುಂಚೆ ಎಷ್ಟು ದಿನ ಮೊದಲು ತಿಳಿಸಬೇಕು, ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ. ತಂಗಿಯ ಫಾರಂನಲ್ಲಿ "ಒಂದು ತಿಂಗಳು ಮುಂಚೆ ತಿಳಿಸಬೇಕು, ಮೇಂಟೆನೆನ್ಸ್ 1,000 ಕಡಿತ" ಎಂದಿತ್ತು. ಅದಕ್ಕಿಂತ ಜಾಸ್ತಿ ಏನೂ ಇರಲಿಲ್ಲ. ಈ ಎರಡು ಸಾಲೇ ಕೊನೆಗೆ ಅವಳ ಕೈ ಹಿಡಿದವು. ಫಾರಂ ನಿಮ್ಮ ಹತ್ತಿರ ಇಲ್ಲದಿದ್ದರೆ ಬಿಡುವ ವಿಷಯ ಎತ್ತುವ ಮೊದಲೇ ಆಫೀಸ್ ರೂಮಿನಲ್ಲಿ ಕೇಳಿ ಫೋಟೋ ತೆಗೆದುಕೊಳ್ಳಿ. ಗೋಡೆಗೆ ಅಂಟಿಸಿದ ನಿಯಮದ ಹಾಳೆ ಇದ್ದರೆ ಅದರದ್ದೂ ಒಂದು ಫೋಟೋ ಇರಲಿ.

ಒಂದು ತಿಂಗಳು ಅಂದರೆ ಯಾವಾಗಿನಿಂದ?

ಜಗಳ ಜಾಸ್ತಿ ಹುಟ್ಟುವುದು ಇಲ್ಲೇ. ಅಕ್ಟೋಬರ್ 5ಕ್ಕೆ ತಿಳಿಸಿದರೆ ನವೆಂಬರ್ 4ಕ್ಕೆ ಒಂದು ತಿಂಗಳು ಆಯ್ತು ಅಂತ ನೀವು ಲೆಕ್ಕ ಹಾಕುತ್ತೀರಿ. ಓನರ್ ಲೆಕ್ಕ ಬೇರೆ. ಅವರಿಗೆ ಬಾಡಿಗೆ ಬರುವುದು ಒಂದನೇ ತಾರೀಖಿನಿಂದ. ಅಕ್ಟೋಬರ್ ಶುರುವಾದ ಮೇಲೆ ಹೇಳಿದ್ದೀರಿ, ಹಾಗಾಗಿ ನವೆಂಬರ್ ಪೂರ್ತಿ ಬಾಡಿಗೆ ಕೊಡಿ ಅನ್ನುತ್ತಾರೆ. ಐದು ದಿನ ತಡವಾಗಿದ್ದಕ್ಕೆ 6,000 ರೂಪಾಯಿ ಹೋಗುವ ಲೆಕ್ಕ ಇದು.

ಆದ್ದರಿಂದ ಕೊನೆಯ ತಿಂಗಳು ಶುರುವಾಗುವ ಮುಂಚೆಯೇ ತಿಳಿಸುವುದು ಒಳ್ಳೆಯದು. ತಂಗಿ ಅಕ್ಟೋಬರ್ 31ಕ್ಕೆ ಬಿಡಬೇಕಿತ್ತು. ಸೆಪ್ಟೆಂಬರ್ 27ಕ್ಕೇ ತಿಳಿಸಿದಳು. ಯಾರ ಲೆಕ್ಕ ಹಿಡಿದರೂ ತಿಂಗಳು ಪೂರ್ತಿ ಆಗುತ್ತದೆ.

ತಡವಾಗಿಬಿಟ್ಟಿದ್ದರೆ? ಸುಮ್ನೆ ವಾದಕ್ಕೆ ಇಳಿಯಬೇಡಿ. ಕಡಿಮೆ ಬಿದ್ದ ದಿನಗಳ ಬಾಡಿಗೆ ಕೊಡುತ್ತೇನೆ ಅಂತ ನೀವೇ ಹೇಳಿ. 6,000 ಬಾಡಿಗೆ ಅಂದರೆ ದಿನಕ್ಕೆ 200. ನಾಲ್ಕು ದಿನ ಕಡಿಮೆ ಬಿದ್ದರೆ 800. ಇನ್ನೊಂದು ದಾರಿ, ನಿಮ್ಮ ಬೆಡ್‌ಗೆ ಬರುವವರನ್ನು ನೀವೇ ಹುಡುಕಿ ಕೊಡುವುದು. ಬೆಡ್ ಒಂದು ದಿನವೂ ಖಾಲಿ ಬೀಳದಿದ್ದರೆ ಇಡೀ ತಿಂಗಳ ಬಾಡಿಗೆ ಕೇಳಲು ಓನರ್‌ಗೂ ಕಾರಣ ಉಳಿಯುವುದಿಲ್ಲ.

ಬರಹದಲ್ಲೇ ತಿಳಿಸಿ, ಓನರ್‌ಗೇ ತಿಳಿಸಿ

ವಾರ್ಡನ್‌ಗೆ, ಅಡುಗೆಯವರಿಗೆ ಹೇಳಿದರೆ ಸಾಲದು. ಬಾಡಿಗೆ ಯಾರಿಗೆ ಹೋಗುತ್ತದೋ ಅವರ ವಾಟ್ಸಾಪ್‌ಗೆ ಮೆಸೇಜ್ ಹೋಗಬೇಕು. ತಂಗಿ ಕಳಿಸಿದ್ದು ಹೀಗಿತ್ತು:

"ನಮಸ್ಕಾರ ಆಂಟಿ. ನಾನು ರೂಮ್ 204ರಲ್ಲಿ ಕಿಟಕಿ ಪಕ್ಕದ ಬೆಡ್‌ನಲ್ಲಿದ್ದೇನೆ. ರಾಯಚೂರಿನಲ್ಲಿ ಕೆಲಸ ಸಿಕ್ಕಿದೆ. 31-10-2025ಕ್ಕೆ ಪಿಜಿ ಬಿಡುತ್ತೇನೆ. ಅಕ್ಟೋಬರ್ ಬಾಡಿಗೆಯನ್ನು ಎಂದಿನಂತೆ 5ರೊಳಗೆ ಕೊಡುತ್ತೇನೆ. ಸೇರುವಾಗ 10,000 ಅಡ್ವಾನ್ಸ್ ಕೊಟ್ಟಿದ್ದೆ, 6,000 ಫೋನ್‌ಪೇನಲ್ಲಿ, 4,000 ಕೈಯಲ್ಲಿ. ಫಾರಂನಲ್ಲಿರುವಂತೆ 1,000 ಹಿಡಿದುಕೊಂಡು ಉಳಿದಿದ್ದನ್ನು ಬಿಡುವ ದಿನ ಇದೇ ನಂಬರಿಗೆ ಹಾಕಿ. ನೋಡಿದ ಮೇಲೆ ಸರಿ ಅಂತ ಒಂದು ಮಾತು ತಿಳಿಸಿ."

ಕೈಯಲ್ಲಿ ಕೊಟ್ಟ ಆ 4,000ಕ್ಕೆ ರಸೀದಿ ಇರಲಿಲ್ಲ. ನಮ್ಮ ಕಡೆ ತುಂಬಾ ಪಿಜಿಗಳಲ್ಲಿ ಹೀಗೇ ನಡೆಯುತ್ತದೆ. ಅದಕ್ಕೇ ಮೊತ್ತವನ್ನು ಬಿಡಿಸಿ ಬರೆಸಿದೆ. ಮರುದಿನ ಆಂಟಿ "ಸರಿಯಮ್ಮ, ಒಳ್ಳೇದಾಗಲಿ" ಅಂತ ಉತ್ತರ ಹಾಕಿದರು. ಅವರು ಮೊತ್ತವನ್ನು ಅಲ್ಲಗಳೆಯದೆ ಒಪ್ಪಿದ್ದಕ್ಕೆ ಅದೇ ಸಾಕ್ಷಿ ಆಯಿತು. ಎರಡು ದಿನವಾದರೂ ಉತ್ತರ ಬರದಿದ್ದರೆ ಅದನ್ನೇ ಹಾಳೆಯ ಮೇಲೆ ಎರಡು ಪ್ರತಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಮೇತ ಸಹಿ ಮಾಡಿಸಿಕೊಳ್ಳಿ.

ಫೋನ್‌ಪೇ ಹಣಕ್ಕೆ ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಇಟ್ಟುಕೊಳ್ಳಿ. ದುಡ್ಡು ಓನರ್ ಮಗನ ಹೆಸರಿಗೋ ತಮ್ಮನ ಹೆಸರಿಗೋ ಹೋಗಿದ್ದರೆ ಅದನ್ನೂ ಮೆಸೇಜ್‌ನಲ್ಲಿ ಬರೆಯಿರಿ.

ಕೊನೆಯ ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅನ್ನಬಹುದಾ?

ರೂಮ್‌ಮೇಟ್‌ಗಳು ಕೊಡುವ ಸಲಹೆ ಇದೇ. ಓನರ್ ಮೆಸೇಜ್‌ನಲ್ಲಿ ಒಪ್ಪಿದರೆ ತುಂಬಾ ಒಳ್ಳೆಯದು, ಹಾಗೇ ಮಾಡಿ. ಒಪ್ಪದಿದ್ದರೆ ಬಾಡಿಗೆ ನಿಲ್ಲಿಸಬೇಡಿ ಅಂತಲೇ ನಾನು ಹೇಳುತ್ತೇನೆ. ಊಟ, ಬೀಗ, ನೀರು ಎಲ್ಲ ಅವರ ಕೈಯಲ್ಲಿದೆ. ಬಾಡಿಗೆ ಬಾಕಿ ಇಟ್ಟರೆ ತಪ್ಪು ನಿಮ್ಮ ಕಡೆಗೆ ಬರುತ್ತದೆ. ಆಮೇಲೆ ನೀವು ಕೇಳುವ ಮಾತಿಗೂ ತೂಕ ಕಡಿಮೆಯಾಗುತ್ತದೆ.

ಬಿಡುವ ದಿನ

ಸಾಮಾನು ಕಟ್ಟಿದ ಮೇಲೆ, ಗೇಟ್ ದಾಟುವ ಮುಂಚೆ, ಓನರ್ ಅಥವಾ ವಾರ್ಡನ್ ಜೊತೆ ರೂಮಿನಲ್ಲಿ ಒಂದು ಸುತ್ತು ಹಾಕಿ. ತಂಗಿ ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಾ ಹೋದಳು. ಮಂಚ, ಹಾಸಿಗೆ, ಫ್ಯಾನ್ ತಿರುಗುವುದು, ಸ್ವಿಚ್ ಬೋರ್ಡ್, ಕಪಾಟಿನ ಬಾಗಿಲು, ಬಾತ್‌ರೂಮಿನ ಗೀಸರ್. ಲಾಕರ್‌ನ ಎರಡು ಕೀಗಳಲ್ಲಿ ಒಂದು ಕಳೆದುಹೋಗಿತ್ತು. ಅದನ್ನು ಅವಳೇ ಹೇಳಿ 150 ರೂಪಾಯಿಗೆ ಒಪ್ಪಿಕೊಂಡಳು. ನಮ್ಮ ಕಡೆಯ ತಪ್ಪು ಮೊದಲೇ ಒಪ್ಪಿದರೆ ಉಳಿದ ಮಾತು ಸಲೀಸು.

ಆದರೆ ಲೆಕ್ಕದ ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು: ಪೇಂಟಿಂಗ್ 1,500. ಮಂಚದ ಪಕ್ಕದ ಗೋಡೆಯಲ್ಲಿ ತಲೆ ಒರಗುವ ಜಾಗಕ್ಕೆ ಎಣ್ಣೆಯ ಕಲೆ ಇತ್ತು ನಿಜ. ಜನ ಇದ್ದು ಹೋದ ಗೋಡೆ ಹಾಗೆ ಆಗೇ ಆಗುತ್ತದೆ. ದಿನದ ಬಳಕೆಯಲ್ಲಿ ಸವೆಯುವುದು ಬೇರೆ, ಕೈಯಾರೆ ಮುರಿದು ಹಾಳುಮಾಡುವುದು ಬೇರೆ. ಆ ಸವೆತಕ್ಕೇ ಅಲ್ವಾ ಮೇಂಟೆನೆನ್ಸ್ ಅಂತ 1,000 ಹಿಡಿಯುವುದು? ಫಾರಂನಲ್ಲಿ ಪೇಂಟಿಂಗ್ ಮಾತೂ ಇಲ್ಲ. ಇಂಥ ಕಡಿತ ಬಂದಾಗ ಎರಡೇ ಪ್ರಶ್ನೆ ಕೇಳಿ: ಇದು ಫಾರಂನಲ್ಲಿ ಎಲ್ಲಿದೆ, ಬಿಲ್ ಎಲ್ಲಿದೆ?

"ಹೊಸಬ್ರು ಬರ್ಲಿ ಬಿಡಮ್ಮ, ಬಂದ ಕೂಡ್ಲೆ ಹಾಕ್ತೀವಿ. ನೀನು ಇಲ್ಲಿ ಸಹಿ ಮಾಡು," ಅಂದರು ಆಂಟಿ. ರಿಜಿಸ್ಟರ್‌ನಲ್ಲಿ "ಪೂರ್ತಿ ಹಣ ಮುಟ್ಟಿದೆ, ಬಾಕಿ ಇಲ್ಲ" ಅಂತ ಮೊದಲೇ ಬರೆದಿಟ್ಟಿದ್ದರು. ಇಲ್ಲಿ ತುಂಬಾ ಹುಷಾರಾಗಿರಿ. ಹಣ ಬರುವ ಮುಂಚೆ ಆ ಸಹಿ ಮಾಡಿದರೆ ಮುಂದೆ ಕೇಳಲು ದಾರಿಯೇ ಕಷ್ಟ. ತಂಗಿ ಅದನ್ನು ಮುಟ್ಟಲಿಲ್ಲ. "31-10-2025ಕ್ಕೆ ರೂಮು, ಒಂದು ಕೀ ಒಪ್ಪಿಸಿದ್ದೇನೆ, ಅಡ್ವಾನ್ಸ್ ಬರಬೇಕಿದೆ" ಅಂತಷ್ಟೇ ಬರೆದು ಸಹಿ ಹಾಕಿ, ಆ ಪುಟದ ಫೋಟೋ ತೆಗೆದುಕೊಂಡಳು. ಬಸ್ ಹತ್ತಿದ ಮೇಲೆ ಲೆಕ್ಕ ಬರೆದು ಕಳಿಸಿದಳು: 10,000ದಲ್ಲಿ ಮೇಂಟೆನೆನ್ಸ್ 1,000, ಕೀ 150 ಹೋದರೆ 8,850. ನವೆಂಬರ್ 7ರೊಳಗೆ ಹಾಕಿ.

ಹೊಸಬರು ಬರುವ ತನಕ ಕಾಯಬೇಕು ಅನ್ನುವ ಮಾತನ್ನು ಒಪ್ಪಬೇಡಿ. ನಿಯಮದಲ್ಲಿ ಹಾಗೆ ಇಲ್ಲದಿದ್ದರೆ ಖಾಲಿ ಬೆಡ್‌ಗೂ ನಿಮ್ಮ ಅಡ್ವಾನ್ಸ್‌ಗೂ ಸಂಬಂಧ ಇಲ್ಲ. ನೀವು ತಾರೀಖು ಕೊಡಿ.

ತಾರೀಖು ದಾಟಿದರೆ

ಅದೇ ಲೆಕ್ಕ, ನೋಟಿಸ್ ಕೊಟ್ಟ ದಿನ, ಬಿಟ್ಟ ದಿನ ಎಲ್ಲ ಬರೆದು, 15 ದಿನ ಗಡುವು ಕೊಟ್ಟು, ಓನರ್ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಇದಕ್ಕೆ ವಕೀಲರೇ ಬೇಕೆಂದಿಲ್ಲ. ಪೋಸ್ಟ್ ಆಫೀಸಿನ ರಸೀದಿ ಜೋಪಾನ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ದುಡ್ಡು ತೆಗೆದುಕೊಂಡು ವಸತಿ, ಊಟ ಕೊಡುವುದು ಸೇವೆ, ನೀವು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿಮಗೆ ಬೇಕಾದ ಅನುಕೂಲ ಒಂದಿದೆ. ನೀವು ಈಗ ಎಲ್ಲಿ ಇದ್ದೀರೋ, ಎಲ್ಲಿ ಕೆಲಸ ಮಾಡುತ್ತೀರೋ ಅಲ್ಲೇ ದೂರು ಕೊಡಬಹುದು. ಬಳ್ಳಾರಿಯ ಪಿಜಿ ಮೇಲೆ ತಂಗಿ ರಾಯಚೂರಿನ ಆಯೋಗಕ್ಕೇ ಹೋಗಬಹುದಿತ್ತು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ, e-jagriti.gov.in ನಲ್ಲೂ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ಆದರೆ ತೀರ್ಪು ತಿಂಗಳುಗಟ್ಟಲೆ ಹಿಡಿಯಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ದೂರು ಬರೆಯಲು ಸಹಾಯ ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಬರೀ ದುಡ್ಡಿನ ವಿಷಯಕ್ಕೆ ಪೊಲೀಸರ ಹತ್ತಿರ ಹೋಗಬೇಡಿ. ಸಾಮಾನು ಅಥವಾ ಸರ್ಟಿಫಿಕೇಟ್ ಹಿಡಿದಿಟ್ಟುಕೊಂಡು ಕೊಡದಿದ್ದರೆ ಆಗ 112ಕ್ಕೆ ಫೋನ್ ಮಾಡಿ.

ತಂಗಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ನವೆಂಬರ್ 6ಕ್ಕೆ 7,350 ಬಂತು, ಪೇಂಟಿಂಗ್ ಹಿಡಿದುಕೊಂಡು. ಅವಳು ಫಾರಂನ ಫೋಟೋ, ರೂಮಿನ ವಿಡಿಯೋ ಕಳಿಸಿ, ಆ ಎರಡು ಪ್ರಶ್ನೆಗಳನ್ನೇ ಮತ್ತೆ ಕೇಳಿದಳು. ಬಿಲ್ ಬರಲಿಲ್ಲ. ನಾಲ್ಕು ದಿನ ಬಿಟ್ಟು ಉಳಿದ 1,500 ಬಂತು. ಆಗ ಅವಳು "8,850 ಪೂರ್ತಿ ಮುಟ್ಟಿದೆ ಆಂಟಿ, ಬಾಕಿ ಏನೂ ಇಲ್ಲ" ಅಂತ ಬರೆದು ಕಳಿಸಿದಳು.