ಹೊಸ ಹುಳುಮನೆ ಎಂದಿಗೆ ಸಿದ್ಧವಾಗುತ್ತದೆ? ಕೆಲಸಗಳ ಕಾಲಪಟ್ಟಿ ಹಾಕುವ ಕ್ರಮ

ಶಿಡ್ಲಘಟ್ಟ ತಾಲ್ಲೂಕಿನ ರೈತರೊಬ್ಬರು ರೇಷ್ಮೆ ಹುಳು ಸಾಕಲು ಹೊಸ ಮನೆ ಕಟ್ಟಿಸುತ್ತಾರೆ ಎಂದುಕೊಳ್ಳೋಣ. ಗಾರೆ ಮೇಸ್ತ್ರಿ ತನ್ನ ಕೆಲಸಕ್ಕೆ ಇಷ್ಟು ದಿನ ಎನ್ನುತ್ತಾರೆ, ವೆಲ್ಡಿಂಗ್‌ನವರು ತಮ್ಮದಕ್ಕೆ ಇಷ್ಟು ಎನ್ನುತ್ತಾರೆ, ತೋಟದ ಹಿಪ್ಪುನೇರಳೆಗೆ ಅದರದೇ ಲೆಕ್ಕವಿದೆ. ಇವೆಲ್ಲ ಸೇರಿ ಚಾಕಿ ಹುಳು, ಅಂದರೆ ಚಾಕಿ ಕೇಂದ್ರದಲ್ಲಿ ಸಾಕಿದ ಎಳೆಯ ಹುಳು, ಮನೆಗೆ ಬರುವ ದಿನ ಯಾವುದು, ಯಾವ ಕೆಲಸ ತಡವಾದರೆ ಆ ದಿನವೇ ಮುಂದೆ ಹೋಗುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ಕಂಡುಕೊಳ್ಳಬಹುದು. ಕ್ರಿಟಿಕಲ್ ಪಾತ್ ಎಂದು ಎಂಜಿನಿಯರುಗಳು ಬಳಸುವ ಈ ಲೆಕ್ಕ 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಕಾರ್ಖಾನೆ ಕೆಲಸಗಳಿಗಾಗಿ ರೂಪುಗೊಂಡಿತು. ಅದಕ್ಕೆ ಬೇಕಾದದ್ದು ಕೂಡುವುದು ಮತ್ತು ಕಳೆಯುವುದು ಮಾತ್ರ.

ಮೊದಲು ಕೆಲಸಗಳನ್ನು ಬರೆದು, ಪ್ರತಿಯೊಂದರ ಮುಂದೆ ಎರಡು ಸಂಗತಿ ನಮೂದಿಸಬೇಕು: ಅದು ಹಿಡಿಯುವ ದಿನಗಳು, ಮತ್ತು ಅದು ಆರಂಭವಾಗಲು ಯಾವ ಕೆಲಸ ಮುಗಿದಿರಬೇಕು ಎಂಬುದು. ದಿನಾಂಕಗಳನ್ನು ಈ ಹಂತದಲ್ಲಿ ಬರೆಯಬಾರದು. ದಿನಾಂಕವನ್ನು ಮೊದಲೇ ಬರೆದವರು ಅದಕ್ಕೆ ತಕ್ಕಂತೆ ಕೆಲಸದ ಅವಧಿಯನ್ನು ಹಿಂಡುತ್ತಾರೆ.

| ಕೆಲಸ | ದಿನ | ಯಾವುದು ಮುಗಿದಿರಬೇಕು |
|---|---|---|
| ಪಾಯ | 12 | – |
| ಗೋಡೆ | 15 | ಪಾಯ |
| ಕಬ್ಬಿಣದ ಟ್ರಸ್ ತಯಾರಿ | 20 | ಪಾಯ (ಅಳತೆಗಾಗಿ) |
| ಛಾವಣಿ ಕೂರಿಸುವುದು | 6 | ಗೋಡೆ, ಟ್ರಸ್ |
| ನೆಲದ ಕಾಂಕ್ರೀಟ್ | 4 | ಛಾವಣಿ |
| ಕ್ಯೂರಿಂಗ್ | 7 | ಕಾಂಕ್ರೀಟ್ |
| ಕಿಟಕಿ, ಊಜಿ ನೊಣದ ಬಲೆ, ವೈರಿಂಗ್ | 5 | ಛಾವಣಿ |
| ಸ್ಟ್ಯಾಂಡ್ ತಯಾರಿ | 10 | ಟ್ರಸ್ |
| ಸ್ಟ್ಯಾಂಡ್ ಜೋಡಣೆ | 2 | ಕ್ಯೂರಿಂಗ್, ಸ್ಟ್ಯಾಂಡ್ ತಯಾರಿ |
| ಸೋಂಕು ನಿವಾರಣೆ, ಗಾಳಿ ಆಡಿಸುವುದು | 4 | ಜೋಡಣೆ, ಬಲೆ |
| ತೋಟದ ಕಟಾವಿನಿಂದ ಸೊಪ್ಪು ಬರುವವರೆಗೆ | 50 | – |

ಈ ಪಟ್ಟಿಯ ಎರಡು ಸಾಲುಗಳನ್ನು ಗಮನಿಸಬೇಕು. ಕ್ಯೂರಿಂಗ್ ಯಾರೂ ದುಡಿಯುವ ಕೆಲಸವಲ್ಲ, ನೀರು ಹಾಕುತ್ತ ಕಾಯುವ ಅವಧಿ. ಆದರೂ ಅದನ್ನು ಪ್ರತ್ಯೇಕ ಸಾಲಾಗಿಯೇ ಬರೆಯಬೇಕು. ಕಾಂಕ್ರೀಟಿನೊಳಗೆ ಸೇರಿಸಿ 11 ದಿನ ಎಂದು ಬರೆದರೆ, ಹೆಚ್ಚು ಆಳು ಹಾಕಿ ಆ 11 ದಿನವನ್ನೂ ಕಡಿಮೆ ಮಾಡಬಹುದೆಂಬ ಭ್ರಮೆ ಹುಟ್ಟುತ್ತದೆ. ಇನ್ನೊಂದು, ಸ್ಟ್ಯಾಂಡ್ ತಯಾರಿ. ಸ್ಟ್ಯಾಂಡಿಗೂ ಟ್ರಸ್‌ಗೂ ಸ್ವಭಾವದಿಂದ ಯಾವ ಸಂಬಂಧವೂ ಇಲ್ಲ. ಎರಡನ್ನೂ ಮಾಡುವವರು ಒಬ್ಬರೇ ಆಗಿರುವುದರಿಂದ ಈ ಕಟ್ಟು ಬಿದ್ದಿದೆ. ಬೇರೆ ವೆಲ್ಡರ್ ಸಿಕ್ಕರೆ ಇದನ್ನು ಬಿಚ್ಚಬಹುದು, ಕ್ಯೂರಿಂಗಿನ ಕಟ್ಟನ್ನು ಬಿಚ್ಚಲಾಗದು.

ಈಗ ಮೇಲಿನಿಂದ ಕೆಳಕ್ಕೆ ಲೆಕ್ಕ ಹಾಕೋಣ. ಪಾಯ 0ಯಲ್ಲಿ ಆರಂಭವಾಗಿ 12ನೇ ದಿನದ ಸಂಜೆ ಮುಗಿಯುತ್ತದೆ. ಅಲ್ಲಿಂದ ಗೋಡೆ 27ಕ್ಕೆ, ಟ್ರಸ್ 32ಕ್ಕೆ ಮುಗಿಯುತ್ತವೆ. ಛಾವಣಿಗೆ ಎರಡೂ ಬೇಕಾಗಿರುವುದರಿಂದ ಅವುಗಳಲ್ಲಿ ತಡವಾಗಿ ಮುಗಿಯುವುದನ್ನೇ, ಅಂದರೆ 32ನ್ನೇ, ಹಿಡಿಯಬೇಕು. ಛಾವಣಿ 38ಕ್ಕೆ, ಕಾಂಕ್ರೀಟ್ 42ಕ್ಕೆ, ಕ್ಯೂರಿಂಗ್ 49ಕ್ಕೆ, ಜೋಡಣೆ 51ಕ್ಕೆ, ಸೋಂಕು ನಿವಾರಣೆ 55ಕ್ಕೆ ಮುಗಿಯುತ್ತವೆ. ಚಾಕಿ ಹುಳು ಮನೆಗೆ ಬರುವ ದಿನ ಇದೇ. ಕಂಪ್ಯೂಟರಿನಲ್ಲಿ ಮಾಡುವವರು ದಿನಗಳನ್ನು B, ಆರಂಭವನ್ನು D, ಮುಕ್ತಾಯವನ್ನು E ಕಂಬಸಾಲಿನಲ್ಲಿಟ್ಟು, ಗೋಡೆ 3ನೇ ಸಾಲು, ಟ್ರಸ್ 4ನೇ ಸಾಲು, ಛಾವಣಿ 5ನೇ ಸಾಲು ಆಗಿದ್ದರೆ D5 ಮತ್ತು E5 ಕೋಶಗಳಲ್ಲಿ ಕ್ರಮವಾಗಿ ಹೀಗೆ ಬರೆದರೆ ಸಾಕು:

```
=MAX(E3,E4)
=D5+B5
```

ಚಾರ್ಟ್ ಬರೆಯುವುದು ಇದರ ನಂತರದ ಕೆಲಸ. ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ದಿನದಂತೆ ಅಡ್ಡಲಾಗಿ ದಿನಗಳನ್ನು, ಕೆಳಮುಖವಾಗಿ ಕೆಲಸಗಳನ್ನು ಬರೆದು, ಆರಂಭದಿಂದ ಮುಕ್ತಾಯದವರೆಗೆ ಪಟ್ಟಿ ಎಳೆಯಬೇಕು. ಒಂದರ ಕೊನೆಯಿಂದ ಅದನ್ನು ಕಾಯುತ್ತಿರುವುದರ ಆರಂಭಕ್ಕೆ ಬಾಣ ಹಾಕಬೇಕು.

ಮುಂದಿನದು ಹಿಮ್ಮುಖ ಲೆಕ್ಕ. ಈ ವಿಧಾನದ ತಿರುಳಿರುವುದು ಇಲ್ಲಿಯೇ. 55ನೇ ದಿನ ತಪ್ಪದಂತೆ ಪ್ರತಿ ಕೆಲಸವೂ ಹೆಚ್ಚೆಂದರೆ ಎಂದು ಮುಗಿಯಬಹುದು ಎಂದು ಕೆಳಗಿನಿಂದ ಮೇಲಕ್ಕೆ ಕಳೆಯುತ್ತ ಹೋಗಬೇಕು. ಛಾವಣಿ 32ಕ್ಕೆ ಆರಂಭವಾಗಲೇಬೇಕು. ಆದ್ದರಿಂದ ಗೋಡೆ 32ರವರೆಗೆ ಮುಗಿಯದಿದ್ದರೂ ನಡೆಯುತ್ತದೆ, ಅದಕ್ಕೆ 5 ದಿನದ ಬಿಡುವಿದೆ. ಸ್ಟ್ಯಾಂಡ್ ತಯಾರಿಗೆ 7 ದಿನ, ಬಲೆ ಮತ್ತು ವೈರಿಂಗಿಗೆ 8 ದಿನ ಬಿಡುವಿದೆ. ಪಾಯ, ಟ್ರಸ್, ಛಾವಣಿ, ಕಾಂಕ್ರೀಟ್, ಕ್ಯೂರಿಂಗ್, ಜೋಡಣೆ, ಸೋಂಕು ನಿವಾರಣೆ ಇವುಗಳಿಗೆ ಬಿಡುವು ಸೊನ್ನೆ. ಇದೇ ನಿರ್ಣಾಯಕ ಹಾದಿ. ಚಾರ್ಟಿನಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ತಿದ್ದಬೇಕು. ಕಣ್ಣಿಗೆ ಕಾಣುವ ಗೋಡೆಯ ಬಳಿಯೇ ನಿಂತು ಮೇಸ್ತ್ರಿಯನ್ನು ಅವಸರಪಡಿಸುವ ಮನೆಯವರಿಗೆ, ಮನೆಯ ದಿನವನ್ನು ನಿರ್ಧರಿಸುತ್ತಿರುವುದು ಊರಾಚೆಯ ವೆಲ್ಡಿಂಗ್ ಶೆಡ್ ಎಂಬುದನ್ನು ತೋರಿಸುವುದು ಈ ಕೆಂಪು ಗೆರೆಯೇ. ಕಾಂಕ್ರೀಟಿಗೆ ಫ್ಲೈ ಆಶ್ ಬೆರೆತ ಸಿಮೆಂಟ್ ಬಳಸಿದರೆ ಕ್ಯೂರಿಂಗ್ ಕನಿಷ್ಠ 10 ದಿನ ಬೇಕು. ಅದು ಇದೇ ಹಾದಿಯಲ್ಲಿರುವುದರಿಂದ ಇಡೀ ಕೆಲಸವೇ 58ಕ್ಕೆ ಹೋಗುತ್ತದೆ.

ಬಿಡುವು ತೀರಾ ಹೆಚ್ಚಾಗಿ ಕಂಡ ಕೆಲಸವನ್ನು ಅನುಮಾನದಿಂದ ನೋಡಬೇಕು. ಬಲೆಯಿಂದ ಸೋಂಕು ನಿವಾರಣೆಗೆ ಬಾಣ ಹಾಕಲು ಮರೆತರೆ, ಅದರ ಬಿಡುವು 8ರ ಬದಲು 12 ಎಂದು ಬರುತ್ತದೆ ಮತ್ತು ಔಷಧಿ ಸಿಂಪಡಿಸಿದ ಮನೆಯೊಳಗೆ ಕೆಲಸಗಾರರು ಮತ್ತೆ ಓಡಾಡಬೇಕಾಗುತ್ತದೆ. ಹುಳು ಬರುವ ದಿನಕ್ಕೆ ನೇರವಾಗಿ ಮುಟ್ಟುವ ಸೋಂಕು ನಿವಾರಣೆ ಮತ್ತು ತೋಟವನ್ನುಳಿದು ಯಾವ ಕೆಲಸದ ಪಟ್ಟಿಯಿಂದಲೂ ಬಾಣ ಹೊರಡದೆ ಇರಬಾರದು.

ಬಿಡುವಿದ್ದರೂ ಕೆಲಸವನ್ನು ಆದಷ್ಟು ಬೇಗ ಆರಂಭಿಸುವುದು ಕಟ್ಟಡದ ಮಟ್ಟಿಗೆ ಕ್ಷೇಮ. ತೋಟಕ್ಕೆ ಈ ನಿಯಮ ಸಲ್ಲದು. ಸೊಪ್ಪಿಗೆ 50 ದಿನ ಬೇಕಾದ್ದರಿಂದ ಕಟಾವಿಗೆ 5 ದಿನ ಬಿಡುವಿದೆ. 0ಯಲ್ಲೇ ಕಟಾವು ಮಾಡಿದರೆ ಸೊಪ್ಪು ಹುಳುವಿಗಿಂತ 5 ದಿನ ಮೊದಲೇ ಬಂದು, ಸಾಕಣೆಯ ಕೊನೆಯ ದಿನಗಳಿಗೆ ಬಲಿತು ಒರಟಾಗುತ್ತದೆ. ಹೀಗಾಗಿ ಜೀವವಿರುವ ಕೆಲಸಗಳನ್ನು 55ರಿಂದ ಹಿಂದಕ್ಕೆ ಎಣಿಸಿ ಕೊನೆಯ ದಿನದಲ್ಲೇ ಆರಂಭಿಸಬೇಕು: ಕಟಾವು 5ನೇ ದಿನ, ಎರಡನೇ ಜ್ವರ ದಾಟಿದ, ಅಂದರೆ ಎರಡನೇ ಸಲ ಪೊರೆ ಬಿಟ್ಟ ಚಾಕಿ ಹುಳುವಿಗೆ, ಮೊಟ್ಟೆಗೆ ಕಾವು ಕೊಡುವುದೂ ಸೇರಿ 20 ದಿನ ಎಂದು ಹಿಡಿದರೆ, ಚಾಕಿ ಕೇಂದ್ರಕ್ಕೆ ಹೇಳುವುದು 35ನೇ ದಿನ.

ಹಾದಿಯನ್ನು ಮೊಟಕುಗೊಳಿಸಬೇಕಾದರೆ ಟ್ರಸ್‌ನಿಂದ ಆರಂಭಿಸಬಹುದು. ಹೆಚ್ಚಿನ ಕೂಲಿ ಕೊಟ್ಟು ಅದನ್ನು 15 ದಿನಕ್ಕೆ ಇಳಿಸಿದರೆ ಒಟ್ಟು 50 ದಿನವಾಗುತ್ತದೆ. ಆಗ ಗೋಡೆಯ ಬಿಡುವೂ ಸೊನ್ನೆಯಾಗುತ್ತದೆ, ತೋಟದ್ದೂ ಸೊನ್ನೆಯಾಗಿ ಕಟಾವು 0ಯಲ್ಲೇ ಆಗಬೇಕಾಗುತ್ತದೆ. ಮೂರು ಹಾದಿಗಳೂ ಒಟ್ಟಿಗೆ ನಿರ್ಣಾಯಕವಾಗುತ್ತವೆ. ಅದರಾಚೆಗೆ ವೆಲ್ಡರಿಗೆ ಎಷ್ಟು ಕೊಟ್ಟರೂ ಒಂದು ದಿನವೂ ಉಳಿಯದು, ಏಕೆಂದರೆ ಸೊಪ್ಪು 50 ದಿನಕ್ಕಿಂತ ಬೇಗ ಬರುವುದಿಲ್ಲ.

ಚಾರ್ಟನ್ನು ವಾರಕ್ಕೊಮ್ಮೆ ತಿದ್ದಬೇಕು, ವಿಶೇಷವಾಗಿ ಹಿಂದಕ್ಕೆ ಪಡೆಯಲಾಗದ ಒಂದು ಹೆಜ್ಜೆಯ ಮುನ್ನ. ಇಲ್ಲಿ ಅಂಥ ಹೆಜ್ಜೆ ಚಾಕಿಗೆ ಹೇಳುವುದು. ಟ್ರಸ್ ಬರಬೇಕಾದ 32ನೇ ದಿನ ಅದಕ್ಕಿಂತ 3 ದಿನ ಮೊದಲು ಬರುತ್ತದೆ. ಅಂದು ವೆಲ್ಡರ್ ಇನ್ನೂ 4 ದಿನ ಬೇಕೆಂದರೆ, ಮುಕ್ತಾಯ 59ಕ್ಕೆ ಸರಿಯಿತೆಂದು ತಿದ್ದಿ, ಚಾಕಿಗೆ ಹೇಳುವುದನ್ನು 39ಕ್ಕೆ ಮುಂದೂಡಬೇಕು. ಕಟಾವು ಆಗಿಹೋಗಿರುವುದರಿಂದ ಸೊಪ್ಪು 4 ದಿನ ಹೆಚ್ಚು ಬಲಿಯುವುದನ್ನು ತಪ್ಪಿಸಲಾಗದು. ಆದರೆ ಹಸಿ ನೆಲದ ಮನೆಗೆ ಹುಳು ಬಂದಿಳಿಯುವುದನ್ನು ತಪ್ಪಿಸಬಹುದು.